35 ಪ್ರಶ್ನೆ, 20 ನಿಮಿಷ: ಮನಸ್ಸಿನ ಲೆಕ್ಕಕ್ಕೆ ವೇಗ ಬರುವುದು ಎಲ್ಲಿಂದ?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿರುವ ಬಿ.ಕಾಂ. ಪದವೀಧರ. ಮನೆಮಾತು ಕನ್ನಡ, ಓದಿದ್ದು ಮರಾಠಿ ಮಾಧ್ಯಮದಲ್ಲಿ. ಬ್ಯಾಂಕ್ ಕ್ಲರ್ಕ್ ಹುದ್ದೆಯ ಪ್ರಿಲಿಮ್ಸ್‌ಗೆ ಓದುತ್ತಿದ್ದೇನೆ. ಮಾಕ್ ಟೆಸ್ಟ್‌ಗಳ ಗಣಿತ ವಿಭಾಗದಲ್ಲಿ 35ರಲ್ಲಿ 18 ಪ್ರಶ್ನೆಗಳನ್ನಷ್ಟೇ ಮುಟ್ಟಲು ಆಗುತ್ತದೆ, ಅದರಲ್ಲೂ ಐದು ತಪ್ಪು. 30ರವರೆಗೆ ಮಗ್ಗಿ, 50ರವರೆಗೆ ವರ್ಗಸಂಖ್ಯೆ ಬಾಯಿಪಾಠ ಮಾಡಿದರೂ ವೇಗ ಹೆಚ್ಚಿಲ್ಲ. ಮನಸ್ಸಿನಲ್ಲಿ ಮರಾಠಿಯಲ್ಲಿ ಎಣಿಸುವುದೇ ಗೊಂದಲಕ್ಕೆ ಕಾರಣವೇ? ವೇದಗಣಿತದ ಕ್ಲಾಸ್ ಸೇರಲೇ? ಪರೀಕ್ಷೆಗೆ ಎರಡು ತಿಂಗಳಿದೆ.

ಉತ್ತರ: ಮೊದಲು ನಿಮ್ಮ ಅಂಕಗಳನ್ನೇ ನೋಡೋಣ. ಹದಿಮೂರು ಸರಿ, ಐದು ತಪ್ಪು. ಪ್ರತಿ ತಪ್ಪಿಗೆ ಕಾಲು ಅಂಕ ಕಳೆಯುವುದರಿಂದ ನಿಮ್ಮ ಕೈಗೆ ಬರುವುದು 11.75. ನೀವು ಹದಿನೈದನ್ನಷ್ಟೇ ಮುಟ್ಟಿ ಒಂದೇ ಒಂದು ತಪ್ಪು ಮಾಡಿದ್ದರೆ 13.75 ಬರುತ್ತಿತ್ತು. ಅಂದರೆ ಮೂರು ಪ್ರಶ್ನೆ ಕಡಿಮೆ ಮುಟ್ಟಿ ಎರಡು ಅಂಕ ಹೆಚ್ಚು ಪಡೆಯುವ ಸ್ಥಿತಿಯಲ್ಲಿ ನೀವಿದ್ದೀರಿ. ತಪ್ಪಿಗೆ ಹೋದ ಸಮಯವೂ ಸಮಯವೇ. ಐದು ತಪ್ಪು ಉತ್ತರಗಳಿಗೆ ನೀವು ಕೊಟ್ಟ ನಿಮಿಷಗಳು ಅಂಕ ತರುವ ಬದಲು ಅಂಕವನ್ನು ಕಳೆದಿವೆ. ಆದ್ದರಿಂದ ವೇಗದ ಚರ್ಚೆಗೂ ಮುಂಚೆ ಆ ತಪ್ಪುಗಳು ಎಲ್ಲಿ ಹುಟ್ಟುತ್ತವೆ ಎಂಬುದು ಗೊತ್ತಾಗಬೇಕು.

ಇದಕ್ಕೆ ನಾನು ನನ್ನ ವಿದ್ಯಾರ್ಥಿಗಳಿಂದ ಮಾಡಿಸುವ ಒಂದು ಸರಳ ಪರೀಕ್ಷೆ ಇದೆ. ನೀವು ಈವರೆಗೆ ನೋಡಿರದ ಹತ್ತು ಪ್ರಶ್ನೆಗಳನ್ನು ಎಂದಿನಂತೆ ಬಿಡಿಸಿ, ತಗಲಿದ ಸಮಯವನ್ನು ಬರೆದಿಟ್ಟುಕೊಳ್ಳಿ. ಮರುದಿನ ಅದೇ ಮಟ್ಟದ ಬೇರೆ ಹತ್ತು ಪ್ರಶ್ನೆಗಳನ್ನು ಕ್ಯಾಲ್ಕುಲೇಟರ್ ಇಟ್ಟುಕೊಂಡು ಬಿಡಿಸಿ. ಸಮಯ ಅರ್ಧಕ್ಕಿಂತ ಕೆಳಗೆ ಇಳಿದರೆ ನಿಮ್ಮ ಅಡಚಣೆ ನಿಜವಾಗಿಯೂ ಲೆಕ್ಕ ಮಾಡುವುದರಲ್ಲಿದೆ. ಹೆಚ್ಚು ಇಳಿಯದಿದ್ದರೆ, ಪ್ರಶ್ನೆಯನ್ನು ಓದಿ ದಾರಿ ಹುಡುಕುವುದರಲ್ಲಿ ಹೊತ್ತು ಹೋಗುತ್ತಿದೆ ಎಂದರ್ಥ. ಅದಕ್ಕೆ ಎಷ್ಟು ಮಗ್ಗಿ ಉರು ಹೊಡೆದರೂ ಪರಿಹಾರವಿಲ್ಲ. ನನ್ನಲ್ಲಿಗೆ ಬರುವ, ಮಗ್ಗಿ ಚೆನ್ನಾಗಿ ಬರುವ ಅಭ್ಯರ್ಥಿಗಳಲ್ಲಿ ಹೆಚ್ಚಿನವರ ಸಮಯ ಅಷ್ಟಾಗಿ ಇಳಿಯುವುದಿಲ್ಲ. ಅವರು ಲೆಕ್ಕವನ್ನು ನಿಧಾನವಾಗಿ ಮಾಡುವವರಲ್ಲ, ಬೇಕಿಲ್ಲದ ಲೆಕ್ಕವನ್ನು ವೇಗವಾಗಿ ಮಾಡುವವರು. ನೀವು ಬರೆದಿರುವುದನ್ನು ನೋಡಿದರೆ ನೀವೂ ಅದೇ ಗುಂಪಿನವರಿರಬೇಕು ಎಂದು ನನಗನಿಸುತ್ತದೆ.

ಇದು ಹೇಗೆಂದು ಒಂದೇ ಪ್ರಶ್ನೆಯನ್ನು ಹತ್ತಿರದಿಂದ ನೋಡಿ ಹೇಳುತ್ತೇನೆ. ದತ್ತಾಂಶದ ಕೋಷ್ಟಕಗಳಲ್ಲಿ, ಅಂದರೆ ನಾವೆಲ್ಲ ‘ಡಿಐ’ ಎನ್ನುವ ಭಾಗದಲ್ಲಿ, ಇಂಥದ್ದು ಬರುತ್ತದೆ: ‘ಅ’ ಕಾಲೇಜಿನಲ್ಲಿ 960 ವಿದ್ಯಾರ್ಥಿಗಳು, ಅವರಲ್ಲಿ ಶೇ. 37.5 ಮಂದಿ ಕ್ರೀಡಾಪಟುಗಳು. ಕ್ರೀಡಾಪಟುಗಳಲ್ಲಿ ಹುಡುಗರು ಮತ್ತು ಹುಡುಗಿಯರ ಅನುಪಾತ 7:5. ‘ಬ’ ಕಾಲೇಜಿನಲ್ಲಿ 1080 ವಿದ್ಯಾರ್ಥಿಗಳು, ಕ್ರೀಡಾಪಟುಗಳು ಶೇ. 45, ಅನುಪಾತ 4:5. ‘ಬ’ ಕಾಲೇಜಿನ ಆಟಗಾರ್ತಿಯರ ಸಂಖ್ಯೆ ‘ಅ’ ಕಾಲೇಜಿನ ಆಟಗಾರ್ತಿಯರಿಗಿಂತ ಶೇಕಡಾ ಎಷ್ಟು ಹೆಚ್ಚು?

ಸಾಮಾನ್ಯ ಅಭ್ಯರ್ಥಿಯ ರಫ್ ಹಾಳೆಯಲ್ಲಿ ಕಾಣುವುದು ಇದು: 960ನ್ನು 37.5ರಿಂದ ಗುಣಿಸಿ 36000, ನೂರರಿಂದ ಭಾಗಿಸಿ 360. ಹನ್ನೆರಡರಿಂದ ಭಾಗಿಸಿ 30. ಹುಡುಗರು 210, ಹುಡುಗಿಯರು 150. ಮತ್ತೆ 1080ನ್ನು 45ರಿಂದ ಗುಣಿಸಿ 48600, ಅದರಿಂದ 486. ಒಂಬತ್ತರಿಂದ ಭಾಗಿಸಿ 54. ಹುಡುಗರು 216, ಹುಡುಗಿಯರು 270. ಎಲ್ಲವೂ ಸರಿಯಾಗಿಯೇ ಇದೆ. ಆದರೆ ಯಾರೂ ಕೇಳದ ಹುಡುಗರ ಲೆಕ್ಕ ಎರಡು ಬಾರಿ ಆಗಿದೆ, ಮತ್ತು 486ರಂಥ ಸಂಖ್ಯೆಯನ್ನು ಹುಟ್ಟಿಸಿ ಮರುಕ್ಷಣವೇ ಅದನ್ನು ಒಡೆಯಲಾಗಿದೆ.

ಈಗ ಗುಣಾಕಾರವನ್ನು ಕೊನೆಯವರೆಗೆ ಮುಂದೂಡಿ ನೋಡಿ. ‘ಬ’ ಕಾಲೇಜಿನಲ್ಲಿ ನಮಗೆ ಬೇಕಿರುವುದು ಶೇ. 45ರ ಒಂಬತ್ತರಲ್ಲಿ ಐದು ಪಾಲು. 45ನ್ನು ಒಂಬತ್ತು ಪಾಲು ಮಾಡಿದರೆ ಐದು, ಐದು ಪಾಲು ಸೇರಿದರೆ 25. ಅಂದರೆ ಆಟಗಾರ್ತಿಯರು ಒಟ್ಟು ವಿದ್ಯಾರ್ಥಿಗಳ ಕಾಲು ಭಾಗ: 1080ರ ಕಾಲು 270. ‘ಅ’ ಕಾಲೇಜಿನಲ್ಲಿ ಶೇ. 37.5 ಎಂದರೆ ಎಂಟರಲ್ಲಿ ಮೂರು. ಅದರ ಹನ್ನೆರಡರಲ್ಲಿ ಐದು. ಮೇಲಿನ ಮೂರೂ ಕೆಳಗಿನ ಹನ್ನೆರಡೂ ಹೊಡೆದುಹೋಗಿ ಉಳಿಯುವುದು 5/32. 960ರಲ್ಲಿ 32 ಮೂವತ್ತು ಬಾರಿ ಇದೆ. ಐದು ಮೂವತ್ತಲಿ 150. 150ರಿಂದ 270ಕ್ಕೆ ಏರಿಕೆ 120, ಅದು 150ರ ಐದರಲ್ಲಿ ನಾಲ್ಕು ಪಾಲು, ಶೇ. 80. ಎರಡು ಅಂಕೆಯ ಸಂಖ್ಯೆಗಳ ಗುಣಾಕಾರ ಒಂದು ಬಾರಿಯೂ ಬೇಕಾಗಲಿಲ್ಲ. (ಇಂಥ ಪ್ರಶ್ನೆಯ ಆಯ್ಕೆಗಳಲ್ಲಿ ಶೇ. 44.4 ಕೂಡ ಇದ್ದೇ ಇರುತ್ತದೆ. ಅದು 120ನ್ನು 270ರಿಂದ ಭಾಗಿಸಿದವರಿಗಾಗಿ ಇಟ್ಟ ಬಲೆ. ‘ಯಾವುದಕ್ಕಿಂತ’ ಎಂಬ ಪದದ ಹಿಂದಿರುವ ಸಂಖ್ಯೆಯೇ ಕೆಳಗೆ ಬರಬೇಕು.)

ಮಗ್ಗಿ ಬಾಯಿಪಾಠವಿದ್ದರೂ ವೇಗ ಬಾರದಿರುವುದಕ್ಕೆ ಕಾರಣ ಇಲ್ಲಿ ಸಿಗುತ್ತದೆ. ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಖ್ಯೆಗಳು ಬಹಳ ಕಡಿಮೆ. ಪ್ರತಿಯೊಂದು ಮಧ್ಯಂತರ ಉತ್ತರವೂ, ಪ್ರತಿಯೊಂದು ದಶಕವೂ ಆ ಚಿಕ್ಕ ಜಾಗದಲ್ಲಿ ಕೂರಬೇಕು. ಜಾಗ ತುಂಬಿದಾಗ ಮೊದಲು ಕಳಚಿಹೋಗುವುದು ‘ಪ್ರಶ್ನೆ ಕೇಳಿದ್ದೇನು’ ಎಂಬುದೇ. ಮತ್ತೆ ಕೋಷ್ಟಕ ನೋಡುತ್ತೀರಿ, ಮತ್ತೆ ಪ್ರಶ್ನೆ ಓದುತ್ತೀರಿ. ನೀವು ‘ನಿಧಾನ’ ಎಂದುಕೊಂಡಿರುವುದರಲ್ಲಿ ಈ ಮರು ಓದಿನ ಪಾಲು ದೊಡ್ಡದು. ಮಗ್ಗಿ ಗುಣಾಕಾರದ ಒಂದು ಹೆಜ್ಜೆಯನ್ನು ಚುರುಕುಗೊಳಿಸುತ್ತದೆಯೇ ಹೊರತು ಹೆಜ್ಜೆಗಳ ಸಂಖ್ಯೆಯನ್ನು ಇಳಿಸುವುದಿಲ್ಲ.

ಗುಣಾಕಾರ ಮಾಡಲೇಬೇಕಾದಾಗಲೂ ಕಾಗದದ ಪದ್ಧತಿಯನ್ನು ಮನಸ್ಸಿಗೆ ತರಬೇಡಿ. 68ನ್ನು 47ರಿಂದ ಗುಣಿಸಲು ಬಿಡಿಸ್ಥಾನದಿಂದ ಶುರು ಮಾಡಿದರೆ ಎರಡು ಸಾಲುಗಳನ್ನೂ ದಶಕಗಳನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ. 47 ಎಂದರೆ 50ಕ್ಕೆ ಮೂರು ಕಡಿಮೆ; 68ರ ಐವತ್ತರಷ್ಟು 3400, ಮೂರರಷ್ಟು 204, ಉಳಿದದ್ದು 3196. ಇಲ್ಲಿ ದೊಡ್ಡ ಭಾಗ ಮೊದಲು ಕೈಗೆ ಬರುತ್ತದೆ. ಆಯ್ಕೆಗಳು ದೂರದೂರ ಇದ್ದರೆ 3400ಕ್ಕಿಂತ ಸ್ವಲ್ಪ ಕಡಿಮೆ ಎಂದು ತಿಳಿದಲ್ಲಿಗೇ ನಿಲ್ಲಿಸಿಬಿಡಬಹುದು.

ಹಾಗಾದರೆ ಬಾಯಿಪಾಠ ಏನನ್ನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ 20ರವರೆಗೆ ಮಗ್ಗಿ ಸಾಕು. ನೀವು ಈಗಾಗಲೇ ಕಲಿತದ್ದನ್ನು ಮರೆಯಬೇಕಿಲ್ಲ, ಮುಂದೆ ಹೋಗುವುದೂ ಬೇಡ. ಅದರ ಬದಲು ಎರಡರಿಂದ ಹದಿನಾರರವರೆಗಿನ ಭಿನ್ನರಾಶಿಗಳ ಶೇಕಡಾ ರೂಪ ಎರಡೂ ದಿಕ್ಕಿನಲ್ಲಿ ಬರಬೇಕು. ಏಳರಲ್ಲಿ ಒಂದು 14.28 ಎಂದು ಬಂದರೆ ಸಾಲದು, 42.85 ಕಂಡ ಕೂಡಲೇ ‘ಏಳರಲ್ಲಿ ಮೂರು’ ಎಂದು ಕಾಣಬೇಕು, 8.33 ಹನ್ನೆರಡರಲ್ಲಿ ಒಂದು, 6.25 ಹದಿನಾರರಲ್ಲಿ ಒಂದು, 62.5 ಎಂಟರಲ್ಲಿ ಐದು. ಹಳೆಯ ತಲೆಮಾರಿನ ಮರಾಠಿ ಶಾಲೆಗಳಲ್ಲಿ ಪಾವಕಿ, ನಿಮಕಿ, ದಿಡಕಿ ಎಂದು ಕಾಲು, ಅರೆ, ಒಂದೂವರೆಯ ಮಗ್ಗಿಗಳನ್ನೇ ಹೇಳಿಸುತ್ತಿದ್ದರು. ನಿಮ್ಮ ನೆರೆಹೊರೆಯಲ್ಲಿ ಅದನ್ನು ಬಲ್ಲ ಹಿರಿಯರಿದ್ದರೆ ಒಮ್ಮೆ ಕೇಳಿಸಿಕೊಳ್ಳಿ. ಅಂಗಡಿ ಲೆಕ್ಕಕ್ಕೆಂದು ಹುಟ್ಟಿದ ಆ ಮಗ್ಗಿ ಇಂದಿನ ಶೇಕಡಾ ಪ್ರಶ್ನೆಗಳಿಗೆ 29ರ ಮಗ್ಗಿಗಿಂತ ಹೆಚ್ಚು ಒದಗುತ್ತದೆ.

ಈ ಭಿನ್ನರಾಶಿಯ ದಾರಿ ಇಷ್ಟು ಚೆನ್ನಾಗಿ ಒದಗಲು ಒಂದು ಕಾರಣವಿದೆ. ವಿದ್ಯಾರ್ಥಿಗಳ, ವಾಹನಗಳ, ಪುಸ್ತಕಗಳ ಸಂಖ್ಯೆ ಪೂರ್ಣಾಂಕವೇ ಆಗಿರಬೇಕಾದ್ದರಿಂದ ಪ್ರಶ್ನೆ ತಯಾರಿಸುವವರು ಒಟ್ಟು ಸಂಖ್ಯೆಯನ್ನು ಮನಬಂದಂತೆ ಇಡಲಾರರು. ಎಂಟು ಪಾಲು, ಆಮೇಲೆ ಹನ್ನೆರಡು ಪಾಲು ಆಗಬೇಕಿದ್ದರಿಂದಲೇ ಅಲ್ಲಿ 960 ಬಂದದ್ದು. ನಡುವೆ ಎಲ್ಲಾದರೂ ಮೂರೂವರೆ ಹುಡುಗಿಯರು ಬಂದರೆ ನೀವು ತಪ್ಪು ಸಾಲಿನ ಅಂಕಿ ತೆಗೆದುಕೊಂಡಿದ್ದೀರಿ ಎಂದು ಅಲ್ಲೇ ತಿಳಿಯಬಹುದು.

ಆದರೆ ಎಲ್ಲ ಶೇಕಡಾವೂ ಹೀಗೆ ಒಡೆಯುವುದಿಲ್ಲ. ಮಾರಾಟ 646ರಿಂದ 782ಕ್ಕೆ ಏರಿತು, ಏರಿಕೆ ಶೇಕಡಾ ಎಷ್ಟು ಎಂದು ಕೇಳಿದರೆ ಭಿನ್ನರಾಶಿಯನ್ನು ಹುಡುಕುತ್ತಾ ಕೂರಬೇಡಿ. ಏರಿಕೆ 136. 646ರ ಹತ್ತು ಶೇಕಡಾ 64.6, ಇಪ್ಪತ್ತು ಶೇಕಡಾ 129.2, ಉಳಿದದ್ದು 6.8, ಒಂದು ಶೇಕಡಾ ಸುಮಾರು 6.5. ಉತ್ತರ 21ರ ಮೇಲೆ ಕೂದಲೆಳೆಯಷ್ಟು. ಆಯ್ಕೆಗಳು 17, 21, 24, 28 ಆಗಿದ್ದರೆ ‘ಇಪ್ಪತ್ತಕ್ಕಿಂತ ತುಸು ಹೆಚ್ಚು’ ಎಂದಾಗಲೇ ಕೆಲಸ ಮುಗಿದಿತ್ತು. ಆದ್ದರಿಂದ ಲೆಕ್ಕ ಶುರು ಮಾಡುವ ಮುನ್ನ ಆಯ್ಕೆಗಳ ನಡುವಿನ ಅಂತರವನ್ನು ನೋಡುವುದು ಅಭ್ಯಾಸವಾಗಬೇಕು. ಎಷ್ಟು ನಿಖರತೆ ಬೇಕು ಎಂದು ನಿರ್ಧರಿಸುವುದು ಆ ಅಂತರವೇ.

ಅಂದಾಜಿಗೂ ಒಂದು ಅಪಾಯವಿದೆ, ಇದನ್ನು ಕ್ಲಾಸುಗಳಲ್ಲಿ ಹೇಳುವುದು ಕಡಿಮೆ. ಕೂಡಿಸುವಾಗ ಮತ್ತು ಗುಣಿಸುವಾಗ ಸುತ್ತಿಸಿದ ಅಂಕಿಗಳು ದೊಡ್ಡ ಹಾನಿ ಮಾಡುವುದಿಲ್ಲ. 959.7ರ ಶೇ. 37.48, ಅದಕ್ಕೆ 24.02 ಗುಣಿಸು 14.98 ಸೇರಿಸಿ ಎಂದರೆ 360 ಮತ್ತು 360 ಸೇರಿ 720 ಎಂದು ಧೈರ್ಯವಾಗಿ ಗುರುತು ಹಾಕಬಹುದು. ಆದರೆ ಹತ್ತಿರ ಹತ್ತಿರದ ಎರಡು ದೊಡ್ಡ ಸಂಖ್ಯೆಗಳನ್ನು ಕಳೆಯುವಾಗ ದೋಷ ಹಿಗ್ಗುತ್ತದೆ. 49.6 × 20.3ರಿಂದ 49.2 × 20.1 ಕಳೆಯಬೇಕಿದೆ ಎನ್ನಿ. ಸುತ್ತಿಸಿದರೆ 1000ದಿಂದ 980 ಕಳೆದು 20 ಬರುತ್ತದೆ. ನಿಜವಾದ ಉತ್ತರ 18ರ ಹತ್ತಿರ. ಆಯ್ಕೆಗಳಲ್ಲಿ 18 ಮತ್ತು 20 ಎರಡೂ ಇದ್ದರೆ ಅಂಕ ಹೋಯಿತು. ವ್ಯವಕಲನ ಕಂಡು, ಎರಡೂ ಕಡೆಯ ಮೊತ್ತಗಳು ಹತ್ತಿರವಿದ್ದರೆ ಸುತ್ತಿಸುವುದನ್ನು ನಿಲ್ಲಿಸಿ ಪೂರ್ತಿ ಲೆಕ್ಕ ಮಾಡಿ, ಇಲ್ಲವೇ ಆ ಪ್ರಶ್ನೆಯನ್ನು ಕೊನೆಗಿಡಿ.

ಈಗ ಮರಾಠಿಯ ವಿಚಾರ. ಮಗ್ಗಿಯನ್ನು ಯಾವ ಭಾಷೆಯಲ್ಲಿ ಮೊದಲು ಕಲಿತಿರೋ ಆ ಭಾಷೆಯಲ್ಲೇ ಅದು ಬೇಗ ನೆನಪಿಗೆ ಬರುತ್ತದೆ; ಎರಡು ತಿಂಗಳು ಉಳಿದಿರುವಾಗ ಅದನ್ನು ಕನ್ನಡಕ್ಕೋ ಇಂಗ್ಲಿಷಿಗೋ ಬದಲಾಯಿಸಹೋಗುವುದು ವ್ಯರ್ಥ ಶ್ರಮ. ಆದರೆ ನಿಮ್ಮ ಅನುಮಾನ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ಕನ್ನಡದಲ್ಲಿ ಇಪ್ಪತ್ತೇಳು ಎನ್ನುವಾಗ ಹತ್ತರ ಸ್ಥಾನ ಮೊದಲು ಬರುತ್ತದೆ, ಪರದೆಯ ಮೇಲೆ ಕಾಣುವ ಕ್ರಮವೂ ಅದೇ. ಮರಾಠಿಯ ಸತ್ತಾವೀಸ್‌ನಲ್ಲಿ ಏಳು ಮೊದಲು, ಇಪ್ಪತ್ತು ಆಮೇಲೆ. ಮನಸ್ಸಿನಲ್ಲಿ ಹೇಳಿಕೊಂಡ ಸಂಖ್ಯೆಯನ್ನು ಅವಸರದಲ್ಲಿ ಹಾಳೆಗೆ ಇಳಿಸುವಾಗ 27 ಎಂಬುದು 72 ಆಗುವ ಸಾಧ್ಯತೆ ಇರುವುದು ಇಲ್ಲಿಯೇ.

ನೀವು ವಾಣಿಜ್ಯದವರಾದ್ದರಿಂದ ಇದನ್ನು ಪತ್ತೆ ಮಾಡುವ ದಾರಿ ನಿಮಗೆ ಗೊತ್ತಿರುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯೇ ಎಂದು ಹುಡುಕುತ್ತಾರಲ್ಲ, ಅದೇ ಇಲ್ಲಿಗೂ ಬರುತ್ತದೆ. ಕೂಡುವ, ಕಳೆಯುವ ಲೆಕ್ಕಗಳಲ್ಲಿ ನಿಮ್ಮ ತಪ್ಪು ಉತ್ತರಕ್ಕೂ ಸರಿ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಿ. ಪದೇ ಪದೇ ಶೇಷವಿಲ್ಲದೆ ಭಾಗವಾಗುತ್ತಿದ್ದರೆ ನೀವು ಅಂಕಿಗಳನ್ನು ತಿರುವಿ ಬರೆಯುತ್ತಿದ್ದೀರಿ. ಆಗ ಮಾಡಬೇಕಾದದ್ದು ಇಷ್ಟೇ: ಪರದೆಯಿಂದ ಅಂಕಿ ಇಳಿಸಿಕೊಳ್ಳುವಾಗ ಸಂಖ್ಯೆಯ ಹೆಸರು ಹೇಳಿಕೊಳ್ಳದೆ, ಒಂದೊಂದೇ ಅಂಕಿಯನ್ನು ಎಡದಿಂದ ‘ಎರಡು, ಏಳು’ ಎಂದು ಹೇಳಿಕೊಂಡು ಬರೆಯಿರಿ.

ಅಂಕಿಗಳನ್ನು ಕೂಡಿಸಿ ಒಂಬತ್ತರ ಶೇಷದಿಂದ ಉತ್ತರ ತಾಳೆ ನೋಡುವ ಉಪಾಯ ಎಲ್ಲರಿಗೂ ಗೊತ್ತು. 386 × 27ಕ್ಕೆ 10422, 10412, 10432, 10322 ಎಂಬ ಆಯ್ಕೆಗಳಿದ್ದರೆ ಕೊನೆಯ ಅಂಕಿ ಎಲ್ಲದರಲ್ಲೂ ಎರಡೇ. ಆದರೆ 27 ಇರುವುದರಿಂದ ಉತ್ತರ ಒಂಬತ್ತರಿಂದ ಭಾಗವಾಗಲೇಬೇಕು, ಹಾಗೆ ಭಾಗವಾಗುವುದು 10422 ಒಂದೇ. ಗುಣಿಸದೆಯೇ ಉತ್ತರ ಸಿಕ್ಕಿತು. ಆದರೆ ನಿಮ್ಮಂಥವರು ಇದನ್ನು ಅತಿಯಾಗಿ ನಂಬಬಾರದು, ಏಕೆಂದರೆ ಅಂಕಿ ಅದಲುಬದಲಾದ ತಪ್ಪನ್ನು ಇದು ಹಿಡಿಯುವುದೇ ಇಲ್ಲ: 10242ರ ಅಂಕಿಗಳ ಮೊತ್ತವೂ ಒಂಬತ್ತೇ.

ವೇದಗಣಿತದ ಕ್ಲಾಸಿಗೆ ಸೇರುವುದು ಬೇಡ ಎಂಬುದು ನನ್ನ ಸಲಹೆ. ಅಲ್ಲಿ ಕಲಿಸುವುದು ತಪ್ಪೆಂದಲ್ಲ. 97 × 96 ಎಂದರೆ ನೂರಕ್ಕೆ ಮೂರು ಮತ್ತು ನಾಲ್ಕು ಕಡಿಮೆ, ಆದ್ದರಿಂದ 97ರಿಂದ ನಾಲ್ಕು ಕಳೆದು 93, ಮೂರು ನಾಲ್ಕಲಿ 12, ಉತ್ತರ 9312. ಇದು ಬೀಜಗಣಿತದ ಸರಳ ವಿಸ್ತರಣೆ, ಸರಿಯಾಗಿಯೇ ಇದೆ. ತೊಂದರೆ ಏನೆಂದರೆ ಇಂಥ ಪ್ರತಿಯೊಂದು ಉಪಾಯಕ್ಕೂ ಅದರದೇ ಆದ ಸಂಖ್ಯೆಗಳ ಗುಂಪಿದೆ, ಮತ್ತು ಪರೀಕ್ಷೆಯಲ್ಲಿ ಆ ಜೋಡಿ ಬರುವುದು ಅಪರೂಪ. ಹತ್ತಾರು ಉಪಾಯ ಕಲಿತವರು ಪ್ರಶ್ನೆ ಕಂಡಾಗ ಯಾವುದನ್ನು ಹಾಕಲಿ ಎಂದು ಯೋಚಿಸುವುದರಲ್ಲೇ ಐದಾರು ಸೆಕೆಂಡ್ ಕಳೆಯುತ್ತಾರೆ, ಅಷ್ಟರಲ್ಲಿ ನೇರ ಲೆಕ್ಕವೇ ಮುಗಿದಿರುತ್ತದೆ. ಶಾಲೆಯ ಮಕ್ಕಳಿಗೆ ರಜೆಯಲ್ಲಿ ಇದು ಒಳ್ಳೆಯ ಆಟ. ಎರಡು ತಿಂಗಳ ಅಭ್ಯರ್ಥಿಗೆ ದುಬಾರಿ. ಅಬಾಕಸ್‌ಗೂ ಇದೇ ಮಾತು: ಅದು ಕೈಗೂಡಲು ವರ್ಷಗಳು ಬೇಕು, ಮತ್ತು ಅದರ ಬಲವಿರುವುದು ಉದ್ದನೆಯ ಸಂಕಲನದಲ್ಲಿ. ಮೊಬೈಲಿನ ಲೆಕ್ಕದ ಆ್ಯಪ್‌ಗಳನ್ನು ದಿನಕ್ಕೆ ಹತ್ತು ನಿಮಿಷ ಬಳಸಿದರೆ ಅಡ್ಡಿಯಿಲ್ಲ. ಅಲ್ಲಿ ಅಂಕ ಏರುತ್ತಾ ಹೋಗಿ ಮಾಕ್ ಟೆಸ್ಟ್‌ನಲ್ಲಿ ಏರದಿದ್ದರೆ ಮಾತ್ರ ಅದನ್ನು ನಿಲ್ಲಿಸಿ.

ಇನ್ನು ಅಭ್ಯಾಸ ಹೇಗೆ ಎಂಬುದು. ನೀವು ಡೊಂಬಿವಲಿಯವರು, ಲೋಕಲ್‌ನ ಜನಜಂಗುಳಿಯಲ್ಲಿ ಪುಸ್ತಕ ಬಿಡಿಸಲಾಗದಿದ್ದರೂ ಅಂಗೈಯಗಲದ ಚೀಟಿಯೊಂದನ್ನು ನೋಡಬಹುದು. ಹಿಂದಿನ ರಾತ್ರಿ ಒಂದು ಡಿಐ ಕೋಷ್ಟಕವನ್ನೂ ಅದರ ಐದು ಪ್ರಶ್ನೆಗಳನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ರೈಲಿನಲ್ಲಿ ಉತ್ತರ ಕಂಡುಹಿಡಿಯಬೇಡಿ, ದಾರಿಯನ್ನಷ್ಟೇ ಕಂಡುಹಿಡಿಯಿರಿ: ಯಾವ ಸಂಖ್ಯೆಗಳು ಬೇಕು, ಯಾವುವು ಬೇಡ, ಶೇಕಡಾ ಯಾವ ಭಿನ್ನರಾಶಿಯಾಗುತ್ತದೆ, ಯಾವುದು ಯಾವುದನ್ನು ಹೊಡೆದುಹಾಕುತ್ತದೆ. ಕೊನೆಗೆ ಉಳಿಯುವ ಒಂದೇ ಗುಣಾಕಾರವನ್ನು ಸಂಜೆ ಮನೆಯಲ್ಲಿ ಮಾಡಿ ತಾಳೆ ನೋಡಿ. ಲೆಕ್ಕ ಮಾಡಲು ಹಾತೊರೆಯುವ ಕೈಯನ್ನು ತಡೆಯುವುದು ಮೊದಮೊದಲು ಕಿರಿಕಿರಿ ಎನಿಸುತ್ತದೆ. ಆದರೂ ಮೊದಲ ಮೂರು ವಾರ ಗಡಿಯಾರವನ್ನು ಹತ್ತಿರ ತರಬೇಡಿ. ಗಡಿಯಾರ ಇದ್ದಾಗ ಮನಸ್ಸು ಹಳೆಯ, ಪರಿಚಿತ ದಾರಿಗೇ ಓಡುತ್ತದೆ, ಹೊಸದು ಬೇರೂರುವುದಿಲ್ಲ.

ನಾಲ್ಕನೆಯ ವಾರದಿಂದ ಸಮಯ ಇಟ್ಟುಕೊಂಡು ಮಾಡಿ, ಆದರೆ ಪ್ರಶ್ನೆಗಿಷ್ಟು ಎಂದು ಲೆಕ್ಕ ಇಡಬೇಡಿ. 20 ನಿಮಿಷಕ್ಕೆ 35 ಪ್ರಶ್ನೆ ಎಂದರೆ ಒಂದಕ್ಕೆ ಸುಮಾರು 34 ಸೆಕೆಂಡ್ ಎಂಬುದು ಕಾಗದದ ಮೇಲಿನ ಸರಾಸರಿ ಮಾತ್ರ. ಸರಳೀಕರಣದ ಪ್ರಶ್ನೆ ಹದಿನೈದು ಸೆಕೆಂಡಿನಲ್ಲಿ ಮುಗಿಯಬೇಕು, ಡಿಐ ಕೋಷ್ಟಕವನ್ನು ಓದುವುದಕ್ಕೇ ಒಂದು ನಿಮಿಷ ಬೇಕು, ಆ ನಿಮಿಷ ಐದು ಪ್ರಶ್ನೆಗಳಿಗೆ ಹಂಚಿಹೋಗುತ್ತದೆ. ಓದಿ ಹದಿನೈದು ಸೆಕೆಂಡಾದರೂ ದಾರಿ ಕಾಣದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಿ. ಇದರಲ್ಲಿ ನಿಮಗೆ ಬಿಡಿಸಲು ಬರುತ್ತಿದ್ದ ಒಂದೆರಡು ಪ್ರಶ್ನೆಗಳೂ ತಪ್ಪಿಹೋಗಬಹುದು, ಆ ನಷ್ಟವನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಸುಧಾರಣೆ ಆಗುತ್ತಿದೆಯೇ ಎಂದು ತಿಳಿಯಲು ಒಟ್ಟು ಅಂಕಕ್ಕಿಂತ ಮೊದಲು ಎರಡು ಗುರುತುಗಳು ಕಾಣುತ್ತವೆ: ರಫ್ ಹಾಳೆಯಲ್ಲಿ ಬರೆದ ಸಂಖ್ಯೆಗಳು ಕಡಿಮೆಯಾಗುತ್ತವೆ, ಮತ್ತು ತಪ್ಪುಗಳು ಐದರಿಂದ ಎರಡಕ್ಕೋ ಒಂದಕ್ಕೋ ಇಳಿಯುತ್ತವೆ. ಮುಟ್ಟಿದ ಪ್ರಶ್ನೆಗಳ ಸಂಖ್ಯೆ ಆ ಹೊತ್ತಿಗೆ ಇನ್ನೂ 18ರ ಆಸುಪಾಸಿನಲ್ಲೇ ಇರಬಹುದು, ಅದು ಏರುವುದು ಸಾಮಾನ್ಯವಾಗಿ ಆಮೇಲೆ. ಐದನೆಯ ವಾರದಲ್ಲಿ ಕ್ಯಾಲ್ಕುಲೇಟರಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಆಗ ಕ್ಯಾಲ್ಕುಲೇಟರ್ ಇದ್ದಾಗಲೂ ಇಲ್ಲದಾಗಲೂ ಹೆಚ್ಚುಕಡಿಮೆ ಒಂದೇ ಸಮಯ ತಗಲಿದರೆ ಲೆಕ್ಕದ ಕಸರತ್ತನ್ನು ಅಲ್ಲಿಗೆ ಬಿಟ್ಟು, ಉಳಿದ ದಿನಗಳನ್ನು ರೀಸನಿಂಗ್ ವಿಭಾಗಕ್ಕೆ ಕೊಡಿ.